ಟೈಪ್ ಮಾಡಿದ್ದು ಮೇ 6, ಶೀಟ್ ಓದಿದ್ದು ಜೂನ್ 5: ದಿನಾಂಕ ಅದಲುಬದಲಾಗುವುದು ಏಕೆ?

ಶಾಲೆಯ ಪೋಷಕರ ಗುಂಪು, ಅಪಾರ್ಟ್‌ಮೆಂಟ್ ಸಂಘ, ಸ್ವಸಹಾಯ ಸಂಘ, ಕ್ರೀಡಾಕೂಟದ ಸಮಿತಿ ಹೀಗೆ ಎಲ್ಲ ಕಡೆಯೂ ಈಗ ಹೆಸರು ಮತ್ತು ಹುಟ್ಟಿದ ದಿನಾಂಕದ ಪಟ್ಟಿ ಎಕ್ಸೆಲ್ ಇಲ್ಲವೇ ಗೂಗಲ್ ಶೀಟ್ಸ್‌ನಲ್ಲೇ ತಯಾರಾಗುತ್ತದೆ. ಪಟ್ಟಿ ಗುಂಪಿಗೆ ಬಂದ ಸ್ವಲ್ಪ ಹೊತ್ತಿಗೆ ಒಂದು ದೂರೂ ಬರುವುದುಂಟು: "ನಮ್ಮ ಮಗುವಿನ ದಿನಾಂಕ ತಪ್ಪಾಗಿದೆಯಲ್ಲ?" ಪಟ್ಟಿ ಮಾಡಿದವರ ಉತ್ತರವೂ ಸಿದ್ಧವಿರುತ್ತದೆ: "ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಇದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಬದಲಾಗಿರಬೇಕು." ಇನ್ನೊಬ್ಬರು ಫೈಲಿಗೆ ವೈರಸ್ ಬಂದಿದೆ ಎನ್ನುತ್ತಾರೆ. ಮತ್ತೊಬ್ಬರು ಕಾಲಂನ ಫಾರ್ಮ್ಯಾಟ್ ಬದಲಿಸಿದರೆ ಸಾಕು ಎಂದು ಸಲಹೆ ಕೊಡುತ್ತಾರೆ.

ಈ ಮೂರೂ ಮಾತು ಸರಿಯಲ್ಲ. ವಾಟ್ಸ್‌ಆ್ಯಪ್ ಫೈಲಿನ ಒಳಗಿನ ದಿನಾಂಕವನ್ನು ಮುಟ್ಟುವುದಿಲ್ಲ. ಇದರಲ್ಲಿ ವೈರಸ್ಸಿನ ಕೆಲಸವೂ ಇಲ್ಲ. ಫಾರ್ಮ್ಯಾಟ್ ಬದಲಿಸಿದರೆ ತಪ್ಪು ಕಣ್ಣಿಗೆ ಕಾಣಬಹುದು, ಆದರೆ ಸರಿಹೋಗುವುದಿಲ್ಲ. ತಪ್ಪು ಆಗಿರುವುದು ದಿನಾಂಕವನ್ನು ಟೈಪ್ ಮಾಡಿ ಎಂಟರ್ ಒತ್ತಿದ ಆ ಕ್ಷಣದಲ್ಲಿ. ಅದಕ್ಕೆ ಕಾರಣ, ಯಾರೂ ತೆರೆದು ನೋಡದ ಒಂದು ಸೆಟ್ಟಿಂಗ್.

ಶೀಟ್ ನಮ್ಮ ದಿನಾಂಕವನ್ನು ಹೇಗೆ ಇಟ್ಟುಕೊಳ್ಳುತ್ತದೆ?

ನಾವು ಸೆಲ್‌ನಲ್ಲಿ 06/05/2020 ಎಂದು ಟೈಪ್ ಮಾಡುತ್ತೇವೆ. ಶೀಟ್ ಆ ಅಕ್ಷರಗಳನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಅದು ಯಾವ ದಿನ ಎಂದು ಓದಿ ಅರ್ಥ ಮಾಡಿಕೊಂಡು, ಆ ದಿನಕ್ಕೆ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ದಿನಗಳನ್ನು 1900ರ ಆಸುಪಾಸಿನಿಂದ ಒಂದೊಂದಾಗಿ ಎಣಿಸುತ್ತಾ ಬಂದರೆ ಸಿಗುವ ಸಂಖ್ಯೆ ಇದು. 2020ರ ಮೇ 6ಕ್ಕೆ ಅದು 43957. 2020ರ ಜೂನ್ 5ಕ್ಕೆ 43987. ಎರಡರ ನಡುವೆ 30 ದಿನಗಳ ಅಂತರ.

ಹೀಗೆ ಮಾಡುವುದರಿಂದ ಅನುಕೂಲವೂ ಇದೆ. ವಯಸ್ಸು ಲೆಕ್ಕ ಹಾಕುವುದು, ಹಿರಿಯರಿಂದ ಕಿರಿಯರ ಕ್ರಮಕ್ಕೆ ಜೋಡಿಸುವುದು, ಎರಡು ದಿನಾಂಕಗಳ ನಡುವೆ ಎಷ್ಟು ದಿನವಾಯಿತು ಎಂದು ನೋಡುವುದು ಎಲ್ಲವೂ ಬರೀ ಕೂಡಿಸು-ಕಳೆ ಲೆಕ್ಕವಾಗುತ್ತದೆ. ಆದರೆ ಒಂದು ತೊಡಕಿದೆ. ಸಂಖ್ಯೆಯಾಗಿ ಮಾರ್ಪಟ್ಟ ಮೇಲೆ ನೀವು ಯಾವ ಅರ್ಥದಲ್ಲಿ ಟೈಪ್ ಮಾಡಿದ್ದಿರಿ ಎಂಬುದು ಎಲ್ಲೂ ಉಳಿಯುವುದಿಲ್ಲ. ಶೀಟ್‌ಗೆ ಗೊತ್ತಿರುವುದು 43957 ಅಥವಾ 43987 ಮಾತ್ರ.

ಹಾಗಾದರೆ 06/05/2020 ಎಂಬುದನ್ನು ಅದು ಮೇ 6 ಎಂದು ಓದುತ್ತದೆಯೋ ಜೂನ್ 5 ಎಂದೋ? ಭಾರತದಲ್ಲಿ ನಾವು ಮೊದಲು ದಿನ, ಆಮೇಲೆ ತಿಂಗಳು ಬರೆಯುತ್ತೇವೆ. ಬ್ರಿಟನ್‌ನಲ್ಲೂ ಹಾಗೆಯೇ. ಅಮೆರಿಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಶೀಟ್ ಯಾವ ದೇಶದ ಪದ್ಧತಿ ಅನುಸರಿಸಬೇಕು ಎಂದು ಹೇಳುವುದೇ ಪ್ರದೇಶದ ಸೆಟ್ಟಿಂಗ್. ಅದರಲ್ಲಿ ಭಾರತ ಎಂದಿದ್ದರೆ ಮೇ 6, ಅಮೆರಿಕ ಎಂದಿದ್ದರೆ ಜೂನ್ 5.

ಒಂದು ಪುಟ್ಟ ಪಟ್ಟಿಯಲ್ಲಿ ಪರೀಕ್ಷಿಸೋಣ

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ತೋರಿಸಲು ನಾವು ನಾಲ್ಕು ಮಕ್ಕಳ ಕಾಲ್ಪನಿಕ ಪಟ್ಟಿಯೊಂದನ್ನು ತೆಗೆದುಕೊಂಡಿದ್ದೇವೆ. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ಲೆಕ್ಕ ನಮ್ಮ ರಾಜ್ಯದ ಪೋಷಕರಿಗೆ ಚೆನ್ನಾಗಿ ಗೊತ್ತು. ಈ ನಿಯಮಕ್ಕೆ ಸಡಿಲಿಕೆ ಸಿಕ್ಕ ವರ್ಷಗಳೂ ಇವೆ, ಹಾಗಾಗಿ ನಿಮ್ಮ ಮಗುವಿನ ಪ್ರವೇಶಕ್ಕೆ ಆ ವರ್ಷದ ಆದೇಶವನ್ನೇ ನೋಡಿ. ಇಲ್ಲಿ ಉದಾಹರಣೆಗಾಗಿ 2026ರ ಜೂನ್ 1ಕ್ಕೆ ಯಾರಿಗೆ 6 ತುಂಬಿದೆ ಎಂದು ಕೇಳೋಣ. ಶೀಟ್‌ನ ಸೆಟ್ಟಿಂಗ್ ಅಮೆರಿಕದ್ದು. ಟೈಪ್ ಮಾಡುವವರು ನಮ್ಮಂತೆ ದಿನ ಮೊದಲು ಬರೆಯುವವರು. A ಕಾಲಂನ ಎರಡನೇ ಸಾಲಿನಿಂದ ದಿನಾಂಕಗಳಿವೆ. ವಯಸ್ಸು ನೋಡಲು ಪಕ್ಕದ ಕಾಲಂನಲ್ಲಿ ಈ ಫಾರ್ಮುಲಾ ಇದೆ:

```
=DATEDIF(A2,DATE(2026,6,1),"Y")
```

ಮೊದಲ ಮಗು ಹುಟ್ಟಿದ್ದು 2020ರ ಮೇ 6ರಂದು. ಟೈಪ್ ಮಾಡಿದ್ದು 06/05/2020. ಶೀಟ್ ಅದನ್ನು ಜೂನ್ 5 ಎಂದು ಓದಿಕೊಂಡಿತು. ನಿಜವಾಗಿ ಆ ಮಗುವಿಗೆ 6 ತುಂಬಿದೆ, ಆದರೆ ಶೀಟ್ ಹೇಳುವ ವಯಸ್ಸು 5. ನಾಲ್ಕು ದಿನದ ಅಂತರದಲ್ಲಿ ಮಗು ಪಟ್ಟಿಯಿಂದ ಹೊರಗುಳಿಯಿತು.

ಎರಡನೇ ಮಗು ಹುಟ್ಟಿದ್ದು 2020ರ ಆಗಸ್ಟ್ 3ರಂದು. ಟೈಪ್ ಮಾಡಿದ್ದು 03/08/2020. ಶೀಟ್ ಓದಿದ್ದು ಮಾರ್ಚ್ 8. ಈ ಮಗುವಿಗೆ ನಿಜವಾಗಿ ಇನ್ನೂ 5, ಶೀಟ್ ಹೇಳುವುದು 6. ಇಲ್ಲಿ ತಪ್ಪು ಎದುರು ದಿಕ್ಕಿಗೆ ಹೋಯಿತು. ಆಮೇಲೆ ಜನನ ಪ್ರಮಾಣಪತ್ರ ತೋರಿಸುವಾಗ ಪೋಷಕರು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಮೂರನೇ ಮಗು ಏಪ್ರಿಲ್ 4ರಂದು ಹುಟ್ಟಿದ್ದು. 04/04/2020 ಅನ್ನು ಯಾವ ಕಡೆಯಿಂದ ಓದಿದರೂ ಅದೇ ದಿನ. ವಯಸ್ಸು 6 ಎಂದು ಸರಿಯಾಗಿಯೇ ಬಂತು.

ನಾಲ್ಕನೇ ಮಗು ಮೇ 25ರಂದು ಹುಟ್ಟಿದ್ದು. 25/05/2020 ಎಂದು ಟೈಪ್ ಮಾಡಿದಾಗ ಶೀಟ್ 25ನೇ ತಿಂಗಳನ್ನು ಹುಡುಕುತ್ತದೆ. ಅಂಥ ತಿಂಗಳಿಲ್ಲ. ಹಾಗಾಗಿ ಅದು ದಿನಾಂಕವೇ ಅಲ್ಲ ಎಂದು ತೀರ್ಮಾನಿಸಿ, ಹೆಸರು-ವಿಳಾಸವನ್ನು ಇಟ್ಟುಕೊಳ್ಳುವ ಹಾಗೆ ಬರೀ ಅಕ್ಷರಗಳಾಗಿ ಇಟ್ಟುಕೊಂಡಿತು. ವಯಸ್ಸಿನ ಕಾಲಂನಲ್ಲಿ `#VALUE!` ಎಂಬ ದೋಷ ಬಂತು.

ನಾಲ್ಕರಲ್ಲಿ ಗಲಾಟೆ ಮಾಡಿದ್ದು ಕೊನೆಯದು ಮಾತ್ರ. ನೋಡಿದವರು ಅದೊಂದನ್ನು ಸರಿಪಡಿಸಿ ಮುಂದೆ ಹೋಗುತ್ತಾರೆ. ನಿಜವಾದ ಅಪಾಯ ಇರುವುದು ಸದ್ದಿಲ್ಲದೆ ತಪ್ಪಾದ ಮೊದಲ ಎರಡು ಸಾಲುಗಳಲ್ಲಿ.

ಇಂಥ ಸದ್ದಿಲ್ಲದ ತಪ್ಪು ಎಷ್ಟು ದಿನಗಳಿಗೆ ಆಗಬಹುದು? ಲೆಕ್ಕ ಸುಲಭ. ಪ್ರತಿ ತಿಂಗಳ 1ರಿಂದ 12ರವರೆಗಿನ ದಿನಗಳನ್ನು ಎರಡೂ ಕಡೆಯಿಂದ ಓದಲು ಬರುತ್ತದೆ. 12 ತಿಂಗಳಿಗೆ ಅದು 144 ದಿನ. ಇವುಗಳಲ್ಲಿ ಜನವರಿ 1, ಫೆಬ್ರುವರಿ 2, ಮಾರ್ಚ್ 3 ಹೀಗೆ 12 ದಿನಗಳು ಹೇಗೆ ಓದಿದರೂ ಒಂದೇ. ಉಳಿದ 132 ದಿನಗಳು ಯಾವ ಸೂಚನೆಯನ್ನೂ ಕೊಡದೆ ಅದಲುಬದಲಾಗುತ್ತವೆ. 365 ದಿನಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಮಿಕ್ಕ 221 ದಿನಗಳು ಅಕ್ಷರಗಳಾಗಿ ಉಳಿದು, ಏನೋ ತಪ್ಪಾಗಿದೆ ಎಂದು ಸುಳಿವು ಕೊಡುತ್ತವೆ.

"ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಇತ್ತು" ಎನ್ನುವುದು ಏಕೆ?

ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಕಣ್ಣಿಗೆ ಕಂಡದ್ದು ಅದೇ. ಅಮೆರಿಕದ ಸೆಟ್ಟಿಂಗ್ ಇರುವಲ್ಲಿ ನೀವು 06/05/2020 ಎಂದು ಟೈಪ್ ಮಾಡುತ್ತೀರಿ. ಶೀಟ್ ಅದನ್ನು ಜೂನ್ 5 ಎಂದು ಅರ್ಥ ಮಾಡಿಕೊಳ್ಳುತ್ತದೆ. ಮತ್ತೆ ತೋರಿಸುವಾಗ ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಬರೆಯುತ್ತದೆ. ಜೂನ್ ಎಂದರೆ 6, ದಿನ 5. ಹಾಗಾಗಿ ಪರದೆಯ ಮೇಲೆ 06/05/2020 ಅಥವಾ 6/5/2020 ಎಂದೇ ಕಾಣುತ್ತದೆ. ನೀವು ಬರೆದದ್ದೇ ನಿಮಗೆ ಕಾಣುತ್ತದೆ, ಅರ್ಥ ಮಾತ್ರ ಬೇರೆ. ಓದುವಾಗ ಆದ ತಪ್ಪನ್ನು ತೋರಿಸುವಾಗಿನ ಅದೇ ಪದ್ಧತಿ ಮುಚ್ಚಿಬಿಡುತ್ತದೆ.

ಈಗ ಇದೇ ಎಕ್ಸೆಲ್ ಫೈಲನ್ನು ಭಾರತದ ಸೆಟ್ಟಿಂಗ್ ಇರುವ ಇನ್ನೊಬ್ಬರು ತೆರೆದರು ಎಂದಿಟ್ಟುಕೊಳ್ಳಿ. ಒಳಗಿರುವ ಸಂಖ್ಯೆ 43987 ಹಾಗೆಯೇ ಇದೆ. ಆದರೆ ಎಕ್ಸೆಲ್‌ನಲ್ಲಿ ದಿನಾಂಕಕ್ಕೆ ತಾನಾಗಿ ಬರುವ ಫಾರ್ಮ್ಯಾಟ್, ಫೈಲ್ ತೆರೆದ ಕಂಪ್ಯೂಟರಿನ ಪದ್ಧತಿಯನ್ನು ಅನುಸರಿಸುತ್ತದೆ. ಅಲ್ಲಿ ದಿನ ಮೊದಲು ಬರುವುದರಿಂದ 05-06-2020 ಎಂದು ಕಾಣುತ್ತದೆ. ನೋಡಿದವರಿಗೆ "ಕಳಿಸಿದ ಮೇಲೆ ದಿನಾಂಕ ತಿರುಗಿದೆ" ಎನಿಸುತ್ತದೆ. ಪಾಪ, ವಾಟ್ಸ್‌ಆ್ಯಪ್ ಮೇಲೆ ಅಪವಾದ ಬರುವುದು ಹೀಗೆ. ನಿಜಕ್ಕೂ ಎರಡನೆಯವರ ಪರದೆ ಮೊದಲಿನಿಂದಲೂ ಇದ್ದ ತಪ್ಪನ್ನು ಬಯಲಿಗೆ ತಂದಿತು, ಅಷ್ಟೆ.

ಫಾರ್ಮ್ಯಾಟ್ ಬದಲಿಸುವ ಸಲಹೆ ಕೆಲಸಕ್ಕೆ ಬಾರದಿರುವುದಕ್ಕೂ ಇದೇ ಕಾರಣ. ಫಾರ್ಮ್ಯಾಟ್ ಎಂದರೆ ಒಳಗಿರುವ ಸಂಖ್ಯೆಗೆ ಹಾಕುವ ಅಂಗಿ. 43987 ಎಂಬ ಸಂಖ್ಯೆಗೆ ಯಾವ ಅಂಗಿ ಹಾಕಿದರೂ ಅದು ಜೂನ್ 5ೇ ಆಗಿರುತ್ತದೆ. ಕಣ್ಣಿಗೆ ಸರಿ ಕಾಣುವ ತನಕ ಫಾರ್ಮ್ಯಾಟ್ ಬದಲಿಸುತ್ತಾ ಹೋದರೆ ಇನ್ನೂ ಕೆಟ್ಟದ್ದು. ತಪ್ಪು ಮತ್ತೆ ಮರೆಯಾಗುತ್ತದೆ, ವಯಸ್ಸಿನ ಲೆಕ್ಕ ಮಾತ್ರ ತಪ್ಪಾಗಿಯೇ ಉಳಿಯುತ್ತದೆ.

ಈ ಸೆಟ್ಟಿಂಗ್ ಎಲ್ಲಿದೆ?

ಗೂಗಲ್ ಶೀಟ್ಸ್ ಮತ್ತು ಎಕ್ಸೆಲ್ ನಡುವೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ.

ಗೂಗಲ್ ಶೀಟ್ಸ್‌ನಲ್ಲಿ ಈ ಸೆಟ್ಟಿಂಗ್ ಆಯಾ ಫೈಲಿಗೆ ಸೇರಿದ್ದು. ಒಂದು ಶೀಟನ್ನು ಹತ್ತು ಜನ ಹಂಚಿಕೊಂಡಿದ್ದರೆ ಹತ್ತೂ ಜನಕ್ಕೆ ಒಂದೇ ಪದ್ಧತಿ ಅನ್ವಯಿಸುತ್ತದೆ. ಅವರ ಫೋನ್ ಯಾವುದು, ಅವರು ಎಲ್ಲಿದ್ದಾರೆ ಎಂಬುದು ಲೆಕ್ಕಕ್ಕಿಲ್ಲ. ಹೊಸ ಶೀಟ್ ಮಾಡಿದಾಗ ಅದು ಸಾಮಾನ್ಯವಾಗಿ ಮಾಡಿದವರ ಗೂಗಲ್ ಖಾತೆಯ ಭಾಷೆಯನ್ನು ಅನುಸರಿಸುತ್ತದೆ. ಖಾತೆಯ ಭಾಷೆ `English (United States)` ಎಂದಿದ್ದರೆ ಬೆಂಗಳೂರಿನಲ್ಲೇ ಕೂತು ಮಾಡಿದ ಶೀಟ್ ಕೂಡ ಅಮೆರಿಕದ್ದಾಗಿಬಿಡಬಹುದು. ಇದನ್ನು ನೋಡಲು ಕಂಪ್ಯೂಟರಿನಲ್ಲಿ ಶೀಟ್ ತೆರೆದು `File`, ಅದರೊಳಗೆ `Settings` ಒತ್ತಿ. `Locale` ಎಂಬಲ್ಲಿ ಏನಿದೆ ನೋಡಿ. `United States` ಇದ್ದರೆ `India` ಎಂದು ಬದಲಿಸಿ ಉಳಿಸಿ.

ಎಕ್ಸೆಲ್‌ನಲ್ಲಿ ಹಾಗಲ್ಲ. ಅಲ್ಲಿ ಪದ್ಧತಿ ಫೈಲಿಗಲ್ಲ, ಯಂತ್ರಕ್ಕೆ ಸೇರಿದ್ದು. ವಿಂಡೋಸ್ ಕಂಪ್ಯೂಟರಿನಲ್ಲಿ `Settings`, `Time & language`, `Language & region` ಎಂದು ಹೋದರೆ `Regional format` ಸಿಗುತ್ತದೆ. ಅಲ್ಲಿ `English (India)` ಇದ್ದರೆ ಎಕ್ಸೆಲ್ ದಿನವನ್ನು ಮೊದಲು ಓದುತ್ತದೆ. ಫೋನಿನ ಎಕ್ಸೆಲ್ ಫೋನಿನ ಭಾಷೆ ಮತ್ತು ಪ್ರದೇಶದ ಆಯ್ಕೆಯನ್ನು ನೋಡುತ್ತದೆ.

ಇದರ ಪರಿಣಾಮ ಗಮನಿಸಿ. ಒಂದು ಎಕ್ಸೆಲ್ ಫೈಲ್ ಗುಂಪಿನಲ್ಲಿ ಸುತ್ತುತ್ತಾ, ಒಬ್ಬೊಬ್ಬರು ತಮ್ಮ ಮಗುವಿನ ದಿನಾಂಕ ತುಂಬಿ ಮುಂದಿನವರಿಗೆ ಕಳಿಸಿದರೆ, ಪ್ರತಿಯೊಂದು ಸಾಲೂ ಬೇರೆ ಬೇರೆ ಪದ್ಧತಿಯಲ್ಲಿ ಓದಿಸಿಕೊಂಡಿರಬಹುದು. ಕೆಲವು ಸರಿ, ಕೆಲವು ತಪ್ಪು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ವಿದೇಶದಲ್ಲಿರುವ ಕನ್ನಡಿಗರೂ ಸೇರಿರುವ ಕುಟುಂಬದ ಗುಂಪುಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಅಮೆರಿಕದಲ್ಲಿರುವ ಅಣ್ಣ ತನ್ನ ಲ್ಯಾಪ್‌ಟಾಪಿನಲ್ಲಿ ಊರಿನ ರೂಢಿಯಂತೆ ದಿನ ಮೊದಲು ಬರೆದರೂ, ಲ್ಯಾಪ್‌ಟಾಪ್ ಅಲ್ಲಿನ ರೂಢಿಯಂತೆ ತಿಂಗಳು ಮೊದಲು ಓದುತ್ತದೆ.

ನಿಮ್ಮ ಶೀಟ್ ಯಾವ ಪದ್ಧತಿಯದು? ಅರ್ಧ ನಿಮಿಷದ ಪರೀಕ್ಷೆ

ಸೆಟ್ಟಿಂಗ್ ಹುಡುಕಲು ಆಗದಿದ್ದರೂ ಶೀಟನ್ನೇ ಕೇಳಬಹುದು. ಖಾಲಿ ಇರುವ ಎರಡು ಸೆಲ್ ಆರಿಸಿಕೊಳ್ಳಿ. ಒಂದರಲ್ಲಿ, ಉದಾಹರಣೆಗೆ H1ರಲ್ಲಿ, 2/1/2020 ಎಂದು ಟೈಪ್ ಮಾಡಿ. ಪಕ್ಕದ ಸೆಲ್‌ನಲ್ಲಿ ಹೀಗೆ ಬರೆಯಿರಿ:

```
=MONTH(H1)
```

ಉತ್ತರ 1 ಬಂದರೆ ಶೀಟ್ ದಿನವನ್ನು ಮೊದಲು ಓದುತ್ತಿದೆ, ಅಂದರೆ ಜನವರಿ 2. ಉತ್ತರ 2 ಬಂದರೆ ತಿಂಗಳನ್ನು ಮೊದಲು ಓದುತ್ತಿದೆ, ಅಂದರೆ ಫೆಬ್ರುವರಿ 1. ಪಟ್ಟಿ ತುಂಬಲು ಶುರು ಮಾಡುವ ಮೊದಲು ಇದೊಂದನ್ನು ಮಾಡಿದರೆ ಮುಂದಿನ ಎಲ್ಲ ತಾಪತ್ರಯ ತಪ್ಪುತ್ತದೆ. ಫೋನಿನಲ್ಲೂ ಇದು ಹೀಗೆಯೇ ಕೆಲಸ ಮಾಡುತ್ತದೆ.

ಆಗಲೇ ತುಂಬಿದ ಪಟ್ಟಿ ಕೈಗೆ ಬಂದಿದ್ದರೆ? ಅದಕ್ಕೆ ಎರಡು ಗುರುತುಗಳಿವೆ.

ಮೊದಲನೆಯದು, ದಿನಾಂಕಗಳು ಸೆಲ್‌ನ ಯಾವ ಬದಿಗೆ ಅಂಟಿಕೊಂಡಿವೆ ಎಂದು ನೋಡುವುದು. ಯಾರೂ ಕೈಯಾರೆ ಬದಲಿಸದಿದ್ದರೆ ಸಂಖ್ಯೆಗಳು ಬಲಕ್ಕೆ, ಅಕ್ಷರಗಳು ಎಡಕ್ಕೆ ಸರಿದಿರುತ್ತವೆ. ಶೀಟ್ ದಿನಾಂಕ ಎಂದು ಒಪ್ಪಿಕೊಂಡದ್ದು ಒಳಗೆ ಸಂಖ್ಯೆಯಾದ್ದರಿಂದ ಬಲಕ್ಕಿರುತ್ತದೆ. ಒಂದೇ ಕಾಲಂನಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಇದ್ದು, ಎಡಕ್ಕಿರುವ ಎಲ್ಲವೂ 13ರಿಂದ 31ರೊಳಗಿನ ಸಂಖ್ಯೆಯಿಂದ ಶುರುವಾಗಿದ್ದರೆ ಅನುಮಾನವೇ ಬೇಡ. ಬಲಕ್ಕಿರುವವು ಅದಲುಬದಲಾಗಿವೆ.

ಎರಡನೆಯದು ಇನ್ನೂ ಖಚಿತವಾದ ಗುರುತು. ಆ ಕಾಲಂಗೆ ತಿಂಗಳ ಹೆಸರು ಕಾಣುವ ಫಾರ್ಮ್ಯಾಟ್ ಕೊಡಿ, 05-Jun-2020 ಎಂಬಂತೆ. ಫಾರ್ಮ್ಯಾಟ್ ತಪ್ಪನ್ನು ಸರಿ ಮಾಡುವುದಿಲ್ಲ ಎಂದೆವು, ಆದರೆ ತಪ್ಪನ್ನು ನೋಡಲು ಅದೇ ಒಳ್ಳೆಯ ಕನ್ನಡಿ. ತಿಂಗಳು ಹೆಸರಾಗಿ ಬಂದಾಗ ಯಾವುದು ದಿನ, ಯಾವುದು ತಿಂಗಳು ಎಂಬ ಗೊಂದಲ ಉಳಿಯುವುದಿಲ್ಲ. ಈಗ ಬಲಕ್ಕಿರುವ ದಿನಾಂಕಗಳ ಮೇಲೆ ಕಣ್ಣಾಡಿಸಿ. ಅದಲುಬದಲಾದ ದಿನಾಂಕದಲ್ಲಿ ದಿನದ ಜಾಗಕ್ಕೆ ಬಂದಿರುವುದು ಮೂಲದ ತಿಂಗಳು. ತಿಂಗಳು 12ನ್ನು ದಾಟುವುದಿಲ್ಲ. ಆದ್ದರಿಂದ ಐವತ್ತು ಅರವತ್ತು ದಿನಾಂಕಗಳ ಪಟ್ಟಿಯಲ್ಲಿ 12ರ ನಂತರದ ಒಂದು ದಿನವೂ ಇಲ್ಲದಿದ್ದರೆ ಆ ಪಟ್ಟಿ ತಿರುಗಿಕೊಂಡಿದೆ ಎಂದೇ ಅರ್ಥ. ಅಷ್ಟೂ ಮಕ್ಕಳು ತಿಂಗಳ ಮೊದಲ 12 ದಿನಗಳಲ್ಲೇ ಹುಟ್ಟಿರಲು ಸಾಧ್ಯವೇ?

ತಿರುಗಿದ ಪಟ್ಟಿಯನ್ನು ಸರಿಪಡಿಸುವುದು ಹೇಗೆ?

ಮೊದಲು ಫೈಲಿನ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಆಮೇಲೆ ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿ. ಹೀಗೆ ಬದಲಿಸಿದ ಕೂಡಲೇ ಹಳೆಯ ದಿನಾಂಕಗಳು ಸರಿಹೋಗುವುದಿಲ್ಲ. ಇನ್ನು ಮುಂದೆ ಟೈಪ್ ಮಾಡುವುದಷ್ಟೇ ಸರಿಯಾಗಿ ಓದಿಸಿಕೊಳ್ಳುತ್ತದೆ. ಹಳೆಯವು 06/05 ಇದ್ದದ್ದು 05/06 ಎಂದು ಕಾಣಲು ಶುರುವಾಗಬಹುದು. ಗಾಬರಿ ಬೇಡ, ಒಳಗಿರುವ ಸಂಖ್ಯೆ ಬದಲಾಗಿಲ್ಲ. ಹಳೆಯದನ್ನು ಸರಿಪಡಿಸಿ ಮುಗಿಯುವ ತನಕ ಹೊಸ ಸಾಲು ಸೇರಿಸದಂತೆ ಗುಂಪಿನವರಿಗೆ ಹೇಳಿ.

ಈಗ ಖಾಲಿ ಇರುವ ಒಂದು ಕಾಲಂನ ಎರಡನೇ ಸಾಲಿನಲ್ಲಿ ಈ ಫಾರ್ಮುಲಾ ಬರೆದು ಕೆಳಗಿನವರೆಗೂ ಎಳೆಯಿರಿ:

```
=IF(ISNUMBER(A2),
 DATE(YEAR(A2),DAY(A2),MONTH(A2)),
 DATEVALUE(A2))
```

ಇದು ಮಾಡುವುದು ಇಷ್ಟೇ. A2ರಲ್ಲಿ ಸಂಖ್ಯೆ ಇದ್ದರೆ ಅದು ತಿರುಗಿದ ದಿನಾಂಕ, ಅದರ ದಿನವನ್ನು ತಿಂಗಳ ಜಾಗಕ್ಕೂ ತಿಂಗಳನ್ನು ದಿನದ ಜಾಗಕ್ಕೂ ಹಾಕುತ್ತದೆ. ಅಕ್ಷರಗಳಿದ್ದರೆ ಅದು 25/05/2020ರಂಥದ್ದು, ಈಗಿನ ಭಾರತದ ಸೆಟ್ಟಿಂಗಿನಂತೆ ಅದನ್ನು ಹೊಸದಾಗಿ ಓದುತ್ತದೆ. ಸೆಟ್ಟಿಂಗನ್ನು ಮೊದಲು ಬದಲಿಸಲು ಹೇಳಿದ್ದು ಇದಕ್ಕೇ. ಅಮೆರಿಕದ ಸೆಟ್ಟಿಂಗಿನಲ್ಲೇ ಇದ್ದರೆ ಈ ಎರಡನೇ ಭಾಗ ಮತ್ತೆ `#VALUE!` ಎನ್ನುತ್ತದೆ.

ಫಲಿತಾಂಶ 43957 ಎಂಬಂಥ ಸಂಖ್ಯೆಯಾಗಿ ಕಂಡರೆ ಅದಕ್ಕೆ ದಿನಾಂಕದ ಫಾರ್ಮ್ಯಾಟ್ ಕೊಡಿ, ತಿಂಗಳ ಹೆಸರು ಕಾಣುವಂಥದ್ದೇ ಒಳ್ಳೆಯದು. ನಮ್ಮ ನಾಲ್ಕು ಮಕ್ಕಳ ಪಟ್ಟಿಗೆ ಇದನ್ನು ಹಾಕಿದರೆ ಮೇ 6, ಆಗಸ್ಟ್ 3, ಏಪ್ರಿಲ್ 4, ಮೇ 25 ಎಂದು ನಾಲ್ಕೂ ಸರಿಯಾಗಿ ಬರುತ್ತವೆ. ವಯಸ್ಸಿನ ಲೆಕ್ಕವನ್ನು ಹೊಸ ಕಾಲಂ ಮೇಲೆ ಮಾಡಿದರೆ 6, 5, 6, 6. ಎರಡನೇ ಮಗುವಿಗೆ ಮಾತ್ರ ಇನ್ನೂ ಆರು ತುಂಬಿಲ್ಲ, ಅದೇ ನಿಜ. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಹೊಸ ಕಾಲಂ ಅನ್ನು ಕಾಪಿ ಮಾಡಿ, ಬರೀ ಮೌಲ್ಯಗಳನ್ನಷ್ಟೇ ಅಂಟಿಸುವ `Paste special` ಆಯ್ಕೆಯಿಂದ ಹಳೆಯದರ ಜಾಗಕ್ಕೆ ಹಾಕಿ. ಆಮೇಲೆ ಫಾರ್ಮುಲಾ ಇದ್ದ ಕಾಲಂ ಅಳಿಸಿಬಿಡಿ. ಇಟ್ಟುಕೊಂಡರೆ ಅದು ಸರಿಯಾದ ದಿನಾಂಕಗಳನ್ನು ಮತ್ತೆ ತಿರುಗಿಸಿ ತೋರಿಸುತ್ತದೆ.

ಈ ಉಪಾಯ ಎಲ್ಲಿ ನಡೆಯುವುದಿಲ್ಲ?

ಪಟ್ಟಿಯಲ್ಲಿರುವ ಎಲ್ಲ ದಿನಾಂಕಗಳೂ ಒಂದೇ ರೀತಿಯಲ್ಲಿ ತಪ್ಪಾಗಿದ್ದರೆ ಮಾತ್ರ ಈ ಫಾರ್ಮುಲಾ ಸರಿ. ನಡುವೆ ಯಾರೋ ಒಬ್ಬರು ತಪ್ಪು ಗಮನಿಸಿ ತಮ್ಮ ಮಗುವಿನ ಸಾಲನ್ನು ಕೈಯಾರೆ ಸರಿಪಡಿಸಿದ್ದರೆ, ಫಾರ್ಮುಲಾ ಆ ಸರಿಯಾದ ದಿನಾಂಕವನ್ನೇ ತಿರುಗಿಸಿ ಕೆಡಿಸುತ್ತದೆ. ಸರಿಯಾಗಿದ್ದ ದಿನ 13 ಅಥವಾ ಅದಕ್ಕಿಂತ ಹೆಚ್ಚಿನದಾಗಿದ್ದರೆ ಫಲಿತಾಂಶ ಇನ್ನೂ ವಿಚಿತ್ರ. 2020ರ ಮೇ 25 ಎಂದು ಸರಿಯಾಗಿದ್ದ ದಿನಾಂಕಕ್ಕೆ ಫಾರ್ಮುಲಾ 25ನೇ ತಿಂಗಳನ್ನು ಕೇಳುತ್ತದೆ. `DATE` ಆಗ ದೋಷ ತೋರಿಸದೆ 12 ತಿಂಗಳಿಗೊಂದು ವರ್ಷದಂತೆ ಮುಂದಕ್ಕೆ ಎಣಿಸಿ 2022ರ ಜನವರಿ 5 ಎಂದು ಕೊಡುತ್ತದೆ. ಹಾಗಾಗಿ ಹೊಸ ಕಾಲಂನಲ್ಲಿ ವರ್ಷ ಬದಲಾದ ಸಾಲು ಕಂಡರೆ ಅಲ್ಲಿ ನಿಲ್ಲಿ. ಆ ದಿನಾಂಕ ಮೊದಲೇ ಸರಿಯಾಗಿತ್ತು.

ಹಲವರ ಕೈ ಸುತ್ತಿ ಬಂದ ಎಕ್ಸೆಲ್ ಫೈಲಿನಲ್ಲಿ ಯಾವ ಸಾಲನ್ನು ಯಾವ ಯಂತ್ರ ಓದಿತು ಎಂದು ಹೇಳುವ ಫಾರ್ಮುಲಾ ಇಲ್ಲ. 43987 ಎಂಬ ಸಂಖ್ಯೆ ನಿಜವಾಗಿಯೂ ಜೂನ್ 5ರಂದು ಹುಟ್ಟಿದ ಮಗುವಿನದೂ ಆಗಿರಬಹುದು, ತಿರುಗಿದ ಮೇ 6 ಕೂಡ ಆಗಿರಬಹುದು. ಎರಡೂ ಪಕ್ಕಾ ಒಂದೇ ಥರ ಇರುತ್ತವೆ. ಅಲ್ಲಿ ಉಳಿಯುವುದು ಒಂದೇ ದಾರಿ: ದಿನ ಮತ್ತು ತಿಂಗಳು ಎರಡೂ 12ರ ಒಳಗಿರುವ ಸಾಲುಗಳನ್ನು ಆರಿಸಿ, ಜನನ ಪ್ರಮಾಣಪತ್ರದ ಜೊತೆ ಒಂದೊಂದಾಗಿ ತಾಳೆ ನೋಡುವುದು. ಎಲ್ಲ ಸಾಲುಗಳನ್ನೂ ನೋಡಬೇಕಾಗಿಲ್ಲ ಎಂಬುದಷ್ಟೇ ಸಮಾಧಾನ.

ಮತ್ತೆ ಆಗದಂತೆ ಏನು ಮಾಡಬೇಕು?

ಯಾವ ಸೆಟ್ಟಿಂಗ್ ಇದ್ದರೂ ಗೊಂದಲವಾಗದಂತೆ ಬರೆಯುವ ಒಂದು ಕ್ರಮವಿದೆ. ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ: 2020-05-06. ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ 1988ರಲ್ಲಿ ಬಂದದ್ದು ಇಂಥ ಗೊಂದಲ ತಪ್ಪಿಸಲಿಕ್ಕೇ. ಹೀಗೆ ಟೈಪ್ ಮಾಡಿದರೆ ಭಾರತದ ಸೆಟ್ಟಿಂಗಿನಲ್ಲೂ ಅಮೆರಿಕದ ಸೆಟ್ಟಿಂಗಿನಲ್ಲೂ ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಎರಡೂ ಅದನ್ನು ಮೇ 6 ಎಂದೇ ಓದುತ್ತವೆ. ವರ್ಷವನ್ನು ನಾಲ್ಕೂ ಅಂಕಿಗಳಲ್ಲಿ ಬರೆಯುವುದು ಮುಖ್ಯ. 20-05-06 ಎಂದು ಮೊಟಕುಗೊಳಿಸಿದರೆ ಹಳೆಯ ಗೊಂದಲವೇ ಮರಳುತ್ತದೆ.

ಗುಂಪಿನಲ್ಲಿ ಎಲ್ಲರೂ ಹೀಗೆ ಬರೆಯುತ್ತಾರೆ ಎಂದು ನಂಬಲಾಗದು. ಅಂಥ ಕಡೆ ಶೀಟನ್ನೇ ಕಳಿಸಿ ತುಂಬಲು ಹೇಳುವ ಬದಲು ಗೂಗಲ್ ಫಾರ್ಮ್ ಕಳಿಸಿ, ಅದರಲ್ಲಿ ಹುಟ್ಟಿದ ದಿನಾಂಕಕ್ಕೆ `Date` ಮಾದರಿಯ ಪ್ರಶ್ನೆ ಇಡಿ. ತುಂಬುವವರು ಅಂಕಿಗಳ ನಡುವೆ ಗೆರೆ ಎಳೆದು ಬರೆಯುವ ಬದಲು ಕ್ಯಾಲೆಂಡರಿನಿಂದ ದಿನವನ್ನು ಆರಿಸುತ್ತಾರೆ. ಯಾವುದು ಮೊದಲು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಪಟ್ಟಿಯನ್ನು ಮುಂದಕ್ಕೆ ಕಳಿಸುವಾಗಲೂ ತಿಂಗಳ ಹೆಸರು ಕಾಣುವ ಫಾರ್ಮ್ಯಾಟಿನಲ್ಲೇ ಕಳಿಸಿ. 06-May-2020 ಎಂದು ಇದ್ದರೆ ತಪ್ಪಿದ್ದವರು ತಮ್ಮ ಸಾಲನ್ನು ನೋಡಿದ ಕೂಡಲೇ ಹೇಳುತ್ತಾರೆ. 06/05/2020 ಎಂದಿದ್ದರೆ ತಪ್ಪಿದ್ದರೂ ಸರಿ ಇದ್ದಂತೆಯೇ ಕಾಣುತ್ತದೆ.

ಮುಂದಿನ ಸಲ ನಿಮ್ಮ ಗುಂಪಿನಲ್ಲಿ "ವಾಟ್ಸ್‌ಆ್ಯಪ್ ದಿನಾಂಕ ಬದಲಿಸುತ್ತದೆ" ಎಂಬ ಮಾತು ಬಂದರೆ, 2/1/2020 ಎಂದು ಟೈಪ್ ಮಾಡಿ ತಿಂಗಳು ಕೇಳುವ ಆ ಅರ್ಧ ನಿಮಿಷದ ಪರೀಕ್ಷೆಯನ್ನು ಹೇಳಿಕೊಡಿ. ಉತ್ತರ 2 ಬಂದ ಯಂತ್ರದಲ್ಲಿ ಪಟ್ಟಿ ತುಂಬಿದ್ದರೆ, ಫಾರ್ವರ್ಡ್ ಮಾಡುವ ಮುನ್ನ ಆ ಪಟ್ಟಿಯನ್ನು ಒಮ್ಮೆ ನೋಡಲೇಬೇಕು.